ಯಾವ ಏಜೆಂಟ್, ಮಾರಾಯ್ರೆ?

(ಉಡುಪಿಯಲ್ಲಿ ಸಣ್ಣ ಕಾರ್ಖಾನೆ ನಡೆಸುವವರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಹೊಸ ಬಂದರು ಇರುವ ಪಣಂಬೂರಿನಲ್ಲಿ ಕಸ್ಟಮ್ಸ್ ಕ್ಲಿಯರಿಂಗ್ ಕೆಲಸ ಮಾಡಿಕೊಂಡೇ ನನ್ನ ತಲೆಕೂದಲು ಬೆಳ್ಳಗಾಯಿತು. ಭಾಷಣ ನನಗೆ ಬರುವುದಿಲ್ಲ. ಒಂದು ಕಂಟೇನರಿನ ಕತೆ ಹೇಳುತ್ತೇನೆ.

ಕಾರ್ಕಳದ ಕಡೆಯ ಒಬ್ಬ ಗೇರುಬೀಜ ಫ್ಯಾಕ್ಟರಿಯ ಧಣಿ ಒಂದು ಬೆಳಿಗ್ಗೆ ನನಗೆ ಫೋನ್ ಮಾಡಿದರು. "ಏಜೆಂಟ್ ಕೈಕೊಟ್ಟ ಮಾರಾಯ್ರೆ" ಅಂದರು. ಯಾವ ಏಜೆಂಟ್ ಅಂತ ಕೇಳಿದೆ. "ಏಜೆಂಟ್ ಅಂದರೆ ಏಜೆಂಟೇ, ಪೋರ್ಟಿನವ" ಅಂದರು. ನಾನೂ ಅವರಿಗೆ ಏಜೆಂಟೇ. ಹಡಗಿನಲ್ಲಿ ಜಾಗ ಮಾಡಿಕೊಟ್ಟವನೂ ಏಜೆಂಟ್. ಹಡಗಿನ ಕಂಪನಿಯ ಮಂಗಳೂರು ಆಫೀಸಿನ ಬೋರ್ಡಿನ ಮೇಲೂ ಏಜೆಂಟ್ ಅಂತಲೇ ಬರೆದಿರುತ್ತದೆ. ಮೂರು ಬೇರೆ ಬೇರೆ ಕೆಲಸಕ್ಕೆ ಒಂದೇ ಹೆಸರು. ಅವರ ಕಷ್ಟದ ಅರ್ಧ ಪಾಲು ಅಲ್ಲೇ ಇತ್ತು.

ಹಳೆ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಹೋಗುವ ಮಂಜಿ ಹಡಗುಗಳನ್ನು ನೀವು ನೋಡಿರಬಹುದು. ಅಲ್ಲಿ ಮಂಜಿಯವರನ್ನೇ ಕಂಡು ಮಾತಾಡಬಹುದು. ಇದನ್ನು ಹಾಕಿ, ಇಷ್ಟು ತಗೊಳ್ಳಿ ಅಂದರೆ ವ್ಯವಹಾರ ಮುಗಿಯಿತು. ಪಣಂಬೂರಿನಲ್ಲಿ ಹಾಗಾಗುವುದಿಲ್ಲ. ಹಡಗಿನ ಮಾಲೀಕರು ಬೇರೆ ಖಂಡದಲ್ಲಿ ಇರುತ್ತಾರೆ, ನಿಮ್ಮ ಮುಖ ಅವರು ನೋಡಿರುವುದಿಲ್ಲ. ಅಲ್ಲಿ ನಿಮ್ಮ ಸಂಬಂಧ ನಡೆಯುವುದು ಕಾಗದದ ಮೂಲಕ. ಹಾಗಾಗಿ ಯಾರು ಯಾರು ಅಂತ ಗುರುತಿಸಲಿಕ್ಕೆ ನನ್ನದೊಂದು ಸುಲಭದ ಲೆಕ್ಕ ಇದೆ: ಆ ಮನುಷ್ಯ ಯಾವ ಕಾಗದ ಕೊಡುತ್ತಾನೆ ಅಂತ ನೋಡುವುದು.

ಸರಕನ್ನು ನಿಜವಾಗಿ ಹೊತ್ತುಕೊಂಡು ಹೋಗುವುದು ಶಿಪ್ಪಿಂಗ್ ಲೈನ್. ಹಡಗೂ ಅವರ ಕೈಯಲ್ಲಿ, ಕಂಟೇನರ್ ಪೆಟ್ಟಿಗೆಯೂ ಹೆಚ್ಚಾಗಿ ಅವರದೇ. ಅವರು ಕೊಡುವ ಕಾಗದ ಮಾಸ್ಟರ್ ಬಿಲ್ ಆಫ್ ಲೇಡಿಂಗ್. ಮಾಲು ಒಪ್ಪಿಸಿಕೊಂಡದ್ದಕ್ಕೆ ರಸೀದಿಯೂ ಅದೇ, ಆಚೆ ಬಿಡಿಸಿಕೊಳ್ಳುವ ಕಾಗದವೂ ಅದೇ. ನಾವು ಮಾಸ್ಟರ್ ಬಿಎಲ್ ಅನ್ನುತ್ತೇವೆ. ಫಾರ್ವರ್ಡರ್ ಹತ್ತಿರ ಹಡಗು ಇಲ್ಲ. ಲೈನಿನಿಂದ ಜಾಗ ಹಿಡಿದು ನಿಮಗೆ ಕೊಡುವುದು, ಫ್ಯಾಕ್ಟರಿ ಬಾಗಿಲಿನಿಂದ ಆಚೆ ದೇಶದವರೆಗೆ ಸಾಗಣೆಯನ್ನು ಜೋಡಿಸುವುದು ಅವರ ಕೆಲಸ. ಅವರು ಕೊಡುವುದು ಹೌಸ್ ಬಿಎಲ್. ಇನ್ನು ನಮ್ಮಂಥವರು. ಮೊದಲು ಸಿಎಚ್ಎ, ಅಂದರೆ ಕಸ್ಟಮ್ಸ್ ಹೌಸ್ ಏಜೆಂಟ್ ಅನ್ನುತ್ತಿದ್ದರು. 2013ರಲ್ಲಿ ನಿಯಮ ಬದಲಾಗಿ ಕಸ್ಟಮ್ಸ್ ಬ್ರೋಕರ್ ಅಂತ ಹೆಸರಾಯಿತು, ಆದರೂ ಪಣಂಬೂರಿನಲ್ಲಿ ಈಗಲೂ ಸಿಎಚ್ಎ ಅಂತಲೇ ಕರೆಯುತ್ತಾರೆ. ನಾವು ಕಸ್ಟಮ್ಸಿನ ಮುಂದೆ ನಿಮ್ಮ ಪರವಾಗಿ ಶಿಪ್ಪಿಂಗ್ ಬಿಲ್, ಅಂದರೆ ರಫ್ತಿನ ಮಾಲಿನ ವಿವರದ ಅರ್ಜಿ ಹಾಕುತ್ತೇವೆ. ಮಾಲು ಸಾಗಿಸುವುದು ನಾವಲ್ಲ.

ಒಂದೇ ಕಂಪನಿ ಫಾರ್ವರ್ಡಿಂಗೂ ಮಾಡಬಹುದು, ಕ್ಲಿಯರಿಂಗೂ ಮಾಡಬಹುದು. ಮಂಗಳೂರಿನಲ್ಲಿ ಹಾಗೆ ಇರುವವರು ಬೇಕಾದಷ್ಟು ಇದ್ದಾರೆ, ಅದರಲ್ಲಿ ತಪ್ಪೇನಿಲ್ಲ. ಆದರೂ ಎರಡು ಕೆಲಸ ಎರಡೇ. ಬಿಲ್ ಬಂದಾಗ ಯಾವ ಕೆಲಸಕ್ಕೆ ಎಷ್ಟು ಅಂತ ಬೇರೆ ಮಾಡಿ ಕೇಳಿ.

ಈಗ ಧಣಿಯವರ ಕಂಟೇನರಿಗೆ ಬರೋಣ. ಅದು ಅವರ ಮೊದಲ ರಫ್ತು. 20 ಅಡಿಯ ಒಂದು ಕಂಟೇನರ್, 700 ಪೆಟ್ಟಿಗೆ ಗೇರುಬೀಜ. ಒಂದೊಂದು ಪೆಟ್ಟಿಗೆ 50 ಪೌಂಡ್, ಅಂದರೆ 22.68 ಕಿಲೋ. ಒಟ್ಟು 15,876 ಕಿಲೋ. ಗೇರುಬೀಜದವರಿಗೆ ಈ ಲೆಕ್ಕ ಬಾಯಿಪಾಠ ಇರುತ್ತದೆ. ಹೋಗಬೇಕಾದ್ದು ರಾಟರ್‌ಡ್ಯಾಂ. ಪಣಂಬೂರಿಗೆ ಬರುವ ಕಂಟೇನರ್ ಹಡಗುಗಳು ಹೆಚ್ಚಾಗಿ ಸಣ್ಣ ಫೀಡರ್‌ಗಳು. ಅದರಲ್ಲಿ ಕೊಲಂಬೋಕ್ಕೆ ಹೋಗಿ ಅಲ್ಲಿ ದೊಡ್ಡ ಹಡಗಿಗೆ ಏರಬೇಕು. ಒಪ್ಪಂದ ಸಿಐಎಫ್. ಅಂದರೆ ಹಡಗಿನ ಬಾಡಿಗೆ ಮತ್ತು ವಿಮೆ ಎರಡನ್ನೂ ಧಣಿಯೇ ಕಟ್ಟಬೇಕು.

ಬಾಡಿಗೆ ಯಾರು ಕಡಿಮೆ ಹೇಳುತ್ತಾರೆ ಅಂತ ಧಣಿ ನಾಲ್ಕು ಕಡೆ ಕೇಳಿದರು. ಎಲ್ಲರಿಗಿಂತ ಕಡಿಮೆ ಹೇಳಿದ ಫಾರ್ವರ್ಡರನ್ನು ಹಿಡಿದರು. ಕ್ಲಿಯರಿಂಗಿಗೆ ನಮ್ಮ ಆಫೀಸು. ಫಾರ್ವರ್ಡರ್ ಲೈನಿನವರ ಹತ್ತಿರ ಬುಕಿಂಗ್ ಮಾಡಿದ, ಯಾರ್ಡಿನಿಂದ ಖಾಲಿ ಕಂಟೇನರ್ ಎತ್ತಿಕೊಳ್ಳಲಿಕ್ಕೆ ಆರ್ಡರ್ ಬಂತು, ಟ್ರೈಲರ್ ಕಾರ್ಕಳಕ್ಕೆ ಹೋಯಿತು. ಇಲ್ಲಿ ಒಂದು ಮಾತು. ಖಾಲಿ ಕಂಟೇನರ್ ಬಂದ ಕೂಡಲೇ ಒಬ್ಬರು ಒಳಗೆ ನಿಂತು ಬಾಗಿಲು ಹಾಕಿಸಿಕೊಳ್ಳಿ. ಎಲ್ಲಾದರೂ ಬೆಳಕು ಕಂಡರೆ ತೂತು ಇದೆ ಅಂತ ಅರ್ಥ. ನಮ್ಮ ಆಟಿ ತಿಂಗಳ ಮಳೆಗೆ ಆ ತೂತು ಸಾಕು. ಮೂಗಿಗೆ ರಾಸಾಯನಿಕದ ವಾಸನೆಯೋ ಮೀನಿನ ವಾಸನೆಯೋ ಬಂದರೆ ವಾಪಸ್ ಕಳಿಸಿ. ಕಂಟೇನರ್ ಲೈನಿನದು, ಬದಲಾಯಿಸಿ ಕೊಡಬೇಕಾದವರು ಅವರು. ಒಮ್ಮೆ ತುಂಬಿಸಿ ಸೀಲ್ ಹಾಕಿದ ಮೇಲೆ ತೂತು ಇತ್ತು ಅಂದರೆ ಯಾರೂ ಕೇಳುವುದಿಲ್ಲ.

ತುಂಬಿಸುವಾಗ ಮೂರು ಪೆಟ್ಟಿಗೆ ಕೆಳಗೆ ಬಿದ್ದು ಒಡೆಯಿತು. ಪ್ಯಾಕ್ ಮಾಡಿದ ಬೇರೆ ಮಾಲು ಕೈಯಲ್ಲಿ ಇರಲಿಲ್ಲ. ರಾತ್ರಿ ಆಗಿತ್ತು, ಟ್ರೈಲರ್ ಡ್ರೈವರ್ ಅವಸರ ಮಾಡುತ್ತಿದ್ದ. ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವ ರೈಟರ್ ಹುಡುಗ 697 ಅಂತ ಚೀಟಿಯಲ್ಲಿ ಬರೆದು ಫಾರ್ವರ್ಡರಿಗೆ ವಾಟ್ಸ್ಯಾಪ್ ಮಾಡಿದ. ನಮಗೆ ಕಳಿಸಲಿಲ್ಲ. ಮೂರು ಪೆಟ್ಟಿಗೆ ತಾನೇ, ಏನು ಮಹಾ ಅಂತ ಅವನಿಗೆ ಅನಿಸಿರಬೇಕು.

ನಮ್ಮ ಹತ್ತಿರ ಇದ್ದ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್ ಎರಡರಲ್ಲೂ 700. ನಾವು ಕಸ್ಟಮ್ಸಿನ ವೆಬ್‌ಸೈಟ್ ಐಸ್‌ಗೇಟಿನಲ್ಲಿ 700 ಅಂತಲೇ ಶಿಪ್ಪಿಂಗ್ ಬಿಲ್ ಹಾಕಿದೆವು. ಕಸ್ಟಮ್ಸಿನವರು ಎಲ್ಲಾ ಕಂಟೇನರ್ ತೆರೆದು ನೋಡುವುದಿಲ್ಲ. ಅಪಾಯ ಎಲ್ಲಿ ಜಾಸ್ತಿ ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತದೆ, ಅದು ತೋರಿಸಿದ್ದನ್ನು ತೆರೆಯುತ್ತಾರೆ. ನಮ್ಮದನ್ನು ತೋರಿಸಲಿಲ್ಲ. ಕಂಟೇನರ್ ಬಂದರಿನ ಒಳಗೆ ಹೋಯಿತು, ಸೀಲ್ ನೋಡಿದರು, ಸಂಜೆಯೊಳಗೆ ಎಲ್ಇಒ ಬಂತು. ಲೆಟ್ ಎಕ್ಸ್‌ಪೋರ್ಟ್ ಆರ್ಡರ್, ಅಂದರೆ ಮಾಲು ದೇಶ ಬಿಡಬಹುದು ಅನ್ನುವ ಅಪ್ಪಣೆ. ಅಲ್ಲಿಗೆ ನನ್ನ ಮುಖ್ಯ ಕೆಲಸ ಮುಗಿಯಿತು.

ಈಗ ಲೈನಿನವರ ಕೆಲಸ ನೋಡಿ. ಹಡಗು ಹೊರಟಾಗ ಅದರಲ್ಲಿ ಏನೇನು ಹೋಯಿತು ಅಂತ ಅವರ ಕಡೆಯಿಂದ ಕಸ್ಟಮ್ಸಿಗೆ ಒಂದು ಪಟ್ಟಿ ಹೋಗಬೇಕು. ಅದಕ್ಕೆ ಇಜಿಎಂ ಅನ್ನುತ್ತಾರೆ. ಪೆಟ್ಟಿಗೆಯ ಲೆಕ್ಕ ಲೈನಿಗೆ ಗೊತ್ತಾಗುವುದು ಹೇಗೆ? ಫಾರ್ವರ್ಡರ್ ಹೇಳಿದ್ದರಿಂದ. ಫಾರ್ವರ್ಡರ್ ಹೇಳಿದ್ದು 697. ಕಂಟೇನರಿನ ಒಳಗೆ ಏನಿದೆ ಅಂತ ಲೈನಿನವರು ನೋಡಿಯೇ ಇಲ್ಲ. ಅದಕ್ಕೇ ಬಿಎಲ್ ಮೇಲೆ 'ಸೆಡ್ ಟು ಕಂಟೇನ್' ಅಂತ ಅಚ್ಚಾಗಿರುತ್ತದೆ. 'ಒಳಗೆ ಇಷ್ಟಿದೆ ಅಂತ ಇವರು ಹೇಳುತ್ತಾರೆ, ನಾವು ಎಣಿಸಿಲ್ಲ' ಅಂತ ಅದರ ಅರ್ಥ. ಬಿಎಲ್ ಬಂದಾಗ ನಾವು ಹಡಗಿನ ಹೆಸರು ಮಾತ್ರ ನೋಡಿ ಮಡಚಿ ಇಡುತ್ತೇವೆ. ಈ ಸಾಲನ್ನು ಓದುವವರು ಕಡಿಮೆ.

ಶಿಪ್ಪಿಂಗ್ ಬಿಲ್ಲಿನಲ್ಲಿ 700, ಇಜಿಎಂನಲ್ಲಿ 697. ಎರಡು ತಾಳೆಯಾಗಲಿಲ್ಲ. ಧಣಿ 5 ಶೇಕಡಾ ಐಜಿಎಸ್‌ಟಿ ಕಟ್ಟಿ ರಫ್ತು ಮಾಡಿದ್ದರು. ಆ ದುಡ್ಡು ವಾಪಸ್ ಬರಬೇಕಾದರೆ ಬೇರೆ ಅರ್ಜಿ ಬೇಡ, ಶಿಪ್ಪಿಂಗ್ ಬಿಲ್ಲೇ ಅರ್ಜಿ. ಆದರೆ ಅದಕ್ಕೆ ಸರಿಯಾದ ಇಜಿಎಂ ಜೊತೆಯಾಗಬೇಕು, ಜಿಎಸ್‌ಟಿ ರಿಟರ್ನೂ ಹೊಂದಬೇಕು. ಇಜಿಎಂನಲ್ಲಿ ತಪ್ಪು ಅಂತ ತೋರಿಸಿ ಲಕ್ಷಗಟ್ಟಲೆ ದುಡ್ಡು ನಿಂತುಬಿಟ್ಟಿತು. ಧಣಿ ನನಗೆ ಬೈದರು, ಲೈನಿನವರಿಗೂ ಬೈದರು. ನಿಜ ಹೇಳಬೇಕೆಂದರೆ ಇಬ್ಬರದೂ ತಪ್ಪಿರಲಿಲ್ಲ. ತಪ್ಪು ಆ ಚೀಟಿಯದು. ಅದೇ ರಾತ್ರಿ ನಮಗೂ ಒಂದು ಮೆಸೇಜ್ ಬಂದಿದ್ದರೆ ಎಲ್ಇಒಗೆ ಮುಂಚೆ ತಿದ್ದಬಹುದಿತ್ತು. ಹಡಗು ಹೋದ ಮೇಲೆ ತಿದ್ದುವುದು ಬೇರೆ ಕತೆ. ಕಸ್ಟಮ್ಸ್ ಕಾಯ್ದೆಯ 149ನೇ ಸೆಕ್ಷನ್ ಪ್ರಕಾರ, ರಫ್ತಿನ ಹೊತ್ತಿಗೇ ಇದ್ದ ದಾಖಲೆ ತೋರಿಸಿದರೆ ಮಾತ್ರ ತಿದ್ದಲಿಕ್ಕೆ ಬಿಡುತ್ತಾರೆ. ಪುಣ್ಯಕ್ಕೆ ರೈಟರ್ ಹುಡುಗ ಆ ಚೀಟಿ ಬಿಸಾಡಿರಲಿಲ್ಲ, ಅದರಲ್ಲಿ ತಾರೀಕೂ ಇತ್ತು. ತಿದ್ದಿ, ರಿಫಂಡ್ ಬರುವಷ್ಟರಲ್ಲಿ ತಿಂಗಳುಗಳು ಕಳೆದವು.

ನಿಮ್ಮ ರಿಫಂಡ್ ನಿಂತರೆ ಯಾರನ್ನು ಕೇಳಬೇಕು ಅಂತ ಐಸ್‌ಗೇಟೇ ಸುಮಾರಾಗಿ ಹೇಳುತ್ತದೆ. SB002 ಅಂತ ಬಂದರೆ ಇಜಿಎಂ ಬಂದಿಲ್ಲ, ಲೈನಿನ ಕಡೆ ಹೋಗಿ. SB005 ಅಂದರೆ ಶಿಪ್ಪಿಂಗ್ ಬಿಲ್ಲಿನ ಇನ್‌ವಾಯ್ಸ್ ನಂಬರಿಗೂ ಜಿಎಸ್‌ಟಿ ರಿಟರ್ನಿನಲ್ಲಿ ಹಾಕಿದ ನಂಬರಿಗೂ ಹೊಂದುತ್ತಿಲ್ಲ. ಆಗ ನಿಮ್ಮ ಅಕೌಂಟೆಂಟನ್ನೂ ಬ್ರೋಕರನ್ನೂ ಒಟ್ಟಿಗೆ ಕೂರಿಸಿ. ಒಬ್ಬರು ಇನ್‌ವಾಯ್ಸ್ ನಂಬರಿನಲ್ಲಿ ಅಡ್ಡಗೆರೆ ಹಾಕಿರುತ್ತಾರೆ, ಇನ್ನೊಬ್ಬರು ಹಾಕಿರುವುದಿಲ್ಲ. ಎಷ್ಟೋ ಸಲ ಅಷ್ಟೇ ಇರುತ್ತದೆ.

ಧಣಿ ಆ ಬೆಳಿಗ್ಗೆ ಫೋನ್ ಮಾಡಿದ್ದು ಇದಕ್ಕಲ್ಲ. ಅದು ಇನ್ನೂ ದೊಡ್ಡ ತೊಂದರೆ.

ಹಡಗು ಹೊರಟ ಕೂಡಲೇ ಫಾರ್ವರ್ಡರ್ ಬಾಡಿಗೆಯ ಬಿಲ್ ಕಳಿಸಿದ್ದ. ಧಣಿ ಅದೇ ದಿನ ದುಡ್ಡು ಹಾಕಿದರು. ಹೌಸ್ ಬಿಎಲ್ ಕೈಗೆ ಬಂತು. ಒಳ್ಳೆಯ ದಪ್ಪ ಕಾಗದ, ಮೇಲೆ ಹಡಗಿನ ಚಿತ್ರ, ಮೂರು ಒರಿಜಿನಲ್. ಬ್ಯಾಂಕಿನ ಮೂಲಕ ಅದು ರಾಟರ್‌ಡ್ಯಾಂನ ಖರೀದಿದಾರರಿಗೆ ಹೋಯಿತು, ದುಡ್ಡಿನ ಹೆಚ್ಚಿನ ಪಾಲೂ ಬಂತು. ಮಾಲು ಅಲ್ಲಿ ಇಳಿಯಿತು. ಖರೀದಿದಾರರು ಹೌಸ್ ಬಿಎಲ್ ಹಿಡಿದುಕೊಂಡು ಫಾರ್ವರ್ಡರಿನ ಅಲ್ಲಿಯ ಏಜೆಂಟ್ ಹತ್ತಿರ ಹೋದರು. ಆತ ಬಿಡಿಸಿಕೊಡಲಿಕ್ಕೆ ಆಗುವುದಿಲ್ಲ ಅಂದ. ಲೈನಿನವರು ಕಂಟೇನರ್ ಬಿಡುತ್ತಿಲ್ಲ ಅಂದ. ಯಾಕೆ? ನಮ್ಮ ಫಾರ್ವರ್ಡರ್ ಲೈನಿಗೆ ಬಾಡಿಗೆ ಕಟ್ಟಿರಲಿಲ್ಲ. ಧಣಿ ಕೊಟ್ಟ ದುಡ್ಡನ್ನು ಬೇರೆ ಯಾವುದೋ ಹಳೆ ಬಾಕಿಗೆ ಹಾಕಿದ್ದ. ಆಮೇಲೆ ಫೋನ್ ಎತ್ತುವುದನ್ನು ನಿಲ್ಲಿಸಿದ.

ಧಣಿ ನೇರ ಲೈನಿನ ಆಫೀಸಿಗೆ ಹೋದರು. ಕಂಟೇನರ್ ನಂಬರ್ ಹೇಳಿದರು. ಅಲ್ಲಿಯ ಹುಡುಗಿ ಮರ್ಯಾದೆಯಿಂದಲೇ ಹೇಳಿದಳಂತೆ: "ಸರ್, ಈ ಬುಕಿಂಗ್‌ನಲ್ಲಿ ನಿಮ್ಮ ಹೆಸರೇ ಇಲ್ಲ." ಅದು ಸತ್ಯವೇ. ಮಾಸ್ಟರ್ ಬಿಎಲ್‌ನಲ್ಲಿ ಮಾಲು ಕಳಿಸಿದವರು ಅಂತ ಇದ್ದದ್ದು ಫಾರ್ವರ್ಡರಿನ ಹೆಸರು. ಪಡೆಯುವವರು ಅಂತ ಇದ್ದದ್ದು ಅವನ ರಾಟರ್‌ಡ್ಯಾಂ ಏಜೆಂಟಿನ ಹೆಸರು. ಲೈನಿನ ಕಣ್ಣಿಗೆ ಕಾರ್ಕಳದ ಫ್ಯಾಕ್ಟರಿ ಇಲ್ಲವೇ ಇಲ್ಲ. ಹೌಸ್ ಬಿಎಲ್ ಅಂದರೆ ನಿಮಗೂ ಫಾರ್ವರ್ಡರಿಗೂ ಇರುವ ಒಪ್ಪಂದ. ಮಾಸ್ಟರ್ ಬಿಎಲ್ ಅಂದರೆ ಫಾರ್ವರ್ಡರಿಗೂ ಲೈನಿಗೂ ಇರುವ ಒಪ್ಪಂದ. ನಡುವಿನ ಕೊಂಡಿ ಫಾರ್ವರ್ಡರ್ ಒಬ್ಬನೇ. ಆ ಕೊಂಡಿ ಕಳಚಿದರೆ ನಿಮ್ಮ ಕೈಯಲ್ಲಿ ಕಾಗದ ಇರುತ್ತದೆ, ಮಾಲು ಇರುವುದಿಲ್ಲ.

ಇಲ್ಲಿ ನಾನು ಏನಾದರೂ ಮಾಡಬಹುದಿತ್ತಾ ಅಂತ ಧಣಿ ಕೇಳಿದರು. ಇಲ್ಲ. ಬಾಡಿಗೆಯ ವ್ಯವಹಾರ ನನ್ನ ಕೈಯಿಂದ ಹಾದೇ ಹೋಗುವುದಿಲ್ಲ. ಅತ್ತ ದಿನಗಳು ಓಡುತ್ತಿದ್ದವು. ಇಳಿದ ಮೇಲೆ ಕೆಲವು ದಿನ ಕಂಟೇನರಿಗೆ ಬಾಡಿಗೆ ಇಲ್ಲ, ಆಮೇಲೆ ದಿನಕ್ಕೆ ಇಷ್ಟು ಅಂತ ಏರುತ್ತದೆ. ಬಂದರಿನ ಜಾಗದ ಬಾಡಿಗೆಯೂ ಬೇರೆ. ಕೊನೆಗೆ ಧಣಿ ಎರಡನೇ ಸಲ ಬಾಡಿಗೆ ಕಟ್ಟಿದರು, ಈ ಸಲ ನೇರ ಲೈನಿಗೆ. ಲೈನಿನವರು ಅದನ್ನು ಆ ಬುಕಿಂಗಿನ ಲೆಕ್ಕಕ್ಕೆ ಹಾಕಿಕೊಂಡು ಕಂಟೇನರ್ ಬಿಟ್ಟರು. ಫಾರ್ವರ್ಡರಿನಿಂದ ವಸೂಲಿ ಮಾಡಲಿಕ್ಕೆ ನೋಟಿಸು, ವಕೀಲರು ಎಲ್ಲಾ ಆಯಿತು. ಸ್ವಲ್ಪ ದುಡ್ಡು ಬಂತು, ಪೂರ್ತಿ ಬರಲಿಲ್ಲ. ಎಲ್ಲಾ ಫಾರ್ವರ್ಡರೂ ಹೀಗೆ ಅಂತಲ್ಲ. ನಾನು ದಿನಾ ಕೆಲಸ ಮಾಡುವವರಲ್ಲಿ ಹೆಚ್ಚಿನವರು ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವ ಜನ. ಲೈನಿನವರು ಒಂದು ಕಂಟೇನರಿನ ಸಣ್ಣ ಗಿರಾಕಿಗೆ ಕೊಡದ ದರವನ್ನು ಅವರೇ ತೆಗೆದುಕೊಡುವುದು.

ಹಾಗಾದರೆ ಮುಂಚೆಯೇ ಗೊತ್ತಾಗುವುದು ಹೇಗೆ? ಪೂರ್ತಿ ಕಂಟೇನರ್ ನಿಮ್ಮದೇ ಆದರೆ ಬುಕಿಂಗ್ ಮಾಡುವಾಗಲೇ ಕೇಳಿ: ಮಾಸ್ಟರ್ ಬಿಎಲ್ ನನ್ನ ಹೆಸರಿಗೇ ಮಾಡಿಸಿಕೊಡ್ತೀರಾ? ಫಾರ್ವರ್ಡರ್ ಮೂಲಕ ಬುಕ್ ಮಾಡಿದರೂ ಇದು ಆಗುತ್ತದೆ. ಅವರ ಕಮಿಷನ್ ಅವರಿಗೆ ಸಿಗುತ್ತದೆ, ಒಪ್ಪಂದ ಮಾತ್ರ ನೇರ ನಿಮಗೂ ಲೈನಿಗೂ ಆಗುತ್ತದೆ. ಕೆಲವರು ಒಪ್ಪುವುದಿಲ್ಲ. ನೀವು ಲೈನಿನ ಹತ್ತಿರ ನೇರ ಹೋಗಿಬಿಡುತ್ತೀರಿ ಅನ್ನುವ ಹೆದರಿಕೆ ಅವರಿಗೆ. ಹೌಸ್ ಬಿಎಲ್ಲೇ ಆಗಬೇಕು ಅಂದರೆ ಮಾಸ್ಟರ್ ಬಿಎಲ್‌ನ ಪ್ರತಿ ಕೇಳಿ, ದರ ಅಳಿಸಿ ಕೊಟ್ಟರೂ ಪರವಾಗಿಲ್ಲ. ಅದರಲ್ಲಿ ನಿಮ್ಮ ಕಂಟೇನರ್ ನಂಬರ್, ಸೀಲ್ ನಂಬರ್ ಇದೆಯಾ ನೋಡಿ. ಆ ಕಂಟೇನರ್ ನಂಬರನ್ನು ಲೈನಿನ ವೆಬ್‌ಸೈಟಿನಲ್ಲಿ ನೀವೇ ಹಾಕಿದರೆ ಹಡಗು ಏರಿದೆಯಾ, ಕೊಲಂಬೋದಲ್ಲಿ ಕೂತಿದೆಯಾ ಅಂತ ಗೊತ್ತಾಗುತ್ತದೆ. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಇನ್ನೊಂದು ಜಾಗ ಹೌಸ್ ಬಿಎಲ್‌ನ ಕೆಳಗಿನ ಸಹಿ. 'ಆಸ್ ಕ್ಯಾರಿಯರ್' ಅಂತ ಸಹಿ ಹಾಕಿದ್ದರೆ, ಹಡಗು ಇಲ್ಲದಿದ್ದರೂ ಸಾಗಣೆಯ ಹೊಣೆ ಆ ಫಾರ್ವರ್ಡರ್ ಹೊತ್ತುಕೊಂಡ ಹಾಗೆ. 'ಆಸ್ ಏಜೆಂಟ್' ಅಂತ ಹಾಕಿದ್ದರೆ ಯಾರ ಏಜೆಂಟ್ ಅಂತ ಕೂಡಲೇ ಕೇಳಿ, ಆ ಹೆಸರು ಅಲ್ಲಿ ಬರೆದಿರಬೇಕು. ಫ್ಯಾಕ್ಟರಿಯಿಂದ ಆಚೆ ದೇಶದವರೆಗೆ ಒಂದೇ ದಾಖಲೆಯಲ್ಲಿ ಸಾಗಿಸುವವರು 1993ರ ಮಲ್ಟಿಮೋಡಲ್ ಕಾಯ್ದೆಯ ಪ್ರಕಾರ ಶಿಪ್ಪಿಂಗ್ ಮಹಾನಿರ್ದೇಶಕರ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು. ಎಂಟಿಒ ನಂಬರ್ ಅನ್ನುತ್ತಾರೆ. ಅದು ಇದ್ದರೆ ಮೋಸವೇ ಇಲ್ಲ ಅಂತಲ್ಲ, ಆದರೆ ಮನುಷ್ಯನಿಗೆ ಒಂದು ವಿಳಾಸ ಇದೆ ಅಂತಾಗುತ್ತದೆ.

ಕಡಿಮೆ ದರದ ಬಗ್ಗೆಯೂ ಹೇಳಿಬಿಡುತ್ತೇನೆ. ಸಮುದ್ರದ ಬಾಡಿಗೆ ಡಾಲರಿನಲ್ಲಿ ಕಡಿಮೆ ಹೇಳಿ, ಇಲ್ಲಿಯ ಖರ್ಚಿನಲ್ಲಿ ಅದನ್ನು ತುಂಬಿಸಿಕೊಳ್ಳುವುದು ಹಳೆ ವಿದ್ಯೆ. ಟರ್ಮಿನಲ್ ಖರ್ಚು, ಬಿಎಲ್ ಫೀಸು, ಸೀಲು ಅಂತ ಸಾಲುಸಾಲು ಇರುತ್ತದೆ. ದರ ಕೇಳುವಾಗ ಪಣಂಬೂರಿನ ಖರ್ಚೆಲ್ಲಾ ಸೇರಿಸಿ ರೂಪಾಯಿಯಲ್ಲಿ ಎಷ್ಟಾಯಿತು ಅಂತ ಕೇಳಿ. ನಾಲ್ಕು ಜನರ ದರವನ್ನು ಹಾಗೆ ಬರೆದು ನೋಡಿದರೆ ಎಷ್ಟೋ ಸಲ ಕಡಿಮೆಯವನೇ ಜಾಸ್ತಿಯವನಾಗಿರುತ್ತಾನೆ.

ಬೇರೆಯವರ ಬಗ್ಗೆ ಇಷ್ಟು ಹೇಳಿ ನಮ್ಮವರನ್ನು ಬಿಟ್ಟರೆ ಸರಿಯಲ್ಲ. ಕಸ್ಟಮ್ಸ್ ಬ್ರೋಕರಿಗೆ ಕಸ್ಟಮ್ಸಿನ ಲೈಸೆನ್ಸ್ ಬೇಕು, ಅದಕ್ಕೆ ಪರೀಕ್ಷೆ ಇದೆ. ಈಗ ನಡೆಯುವುದು 2018ರ ನಿಯಮ. ನಿಮ್ಮ ಆಮದು-ರಫ್ತು ನಂಬರ್ ಆದ ಐಇಸಿ, ಜಿಎಸ್‌ಟಿ ನಂಬರ್, ವಿಳಾಸ ನಿಜವಾ ಅಂತ ನಾವು ನೋಡಲೇಬೇಕು. ನಿಮ್ಮಿಂದ ಅಧಿಕಾರ ಪತ್ರ ತಗೊಳ್ಳಲೇಬೇಕು. "ಇವರದ್ದೊಂದು ರಗಳೆ, ಎಷ್ಟು ಕಾಗದ ಕೇಳ್ತಾರೆ" ಅಂತ ನೀವು ಅನ್ನುವುದು ನನಗೆ ಗೊತ್ತು. ಕೇಳದಿದ್ದರೆ ನಮ್ಮ ಲೈಸೆನ್ಸಿಗೇ ಕುತ್ತು. ಆದರೆ ನಿಮಗೆ ಗೊತ್ತಿರಬೇಕಾದ ಮಾತು ಬೇರೆ. ಕಸ್ಟಮ್ಸ್ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಏಜೆಂಟ್ ನಿಮ್ಮ ಪರವಾಗಿ ಮಾಡಿದ್ದನ್ನು ನೀವೇ ಮಾಡಿದ್ದು ಅಂತ ಹಿಡಿಯುತ್ತಾರೆ. ನಿಮಗೆ ತಿಳಿಯದೆ ಮಾಡಿದ ಅಂತ ತೋರಿಸುವ ಹೊಣೆ ನಿಮ್ಮ ಮೇಲೆ. ಇಲ್ಲಿ ಕೂತವರಲ್ಲಿ ಎಷ್ಟು ಜನ ಲೆಟರ್‌ಹೆಡ್ ಮೇಲೆ ಖಾಲಿ ಸಹಿ ಹಾಕಿ ಒಂದು ಕಟ್ಟು ಬ್ರೋಕರ್ ಆಫೀಸಿಗೆ ಕೊಟ್ಟಿದ್ದೀರಿ? ಕೈ ಎತ್ತುವುದು ಬೇಡ, ನಗು ನೋಡಿದರೇ ಗೊತ್ತಾಯಿತು. ಅರ್ಜೆಂಟಿಗೆ ಇರಲಿ ಅಂತ ಕೊಡುತ್ತೀರಿ. ನಮ್ಮ ಆಫೀಸಿನಲ್ಲೂ ಒಂದು ಕಾಲದಲ್ಲಿ ಅಂಥ ಕಟ್ಟುಗಳು ಇದ್ದವು. ಈಗ ನಾನು ವಾಪಸ್ ಕಳಿಸುತ್ತೇನೆ. ನೀವೂ ಹೋಗಿ ವಾಪಸ್ ತಗೊಳ್ಳಿ. ಶಿಪ್ಪಿಂಗ್ ಬಿಲ್ ಹಾಕುವ ಮುಂಚೆ ಚೆಕ್‌ಲಿಸ್ಟ್ ಅಂತ ಒಂದು ಪ್ರತಿ ನಿಮಗೆ ಬರುತ್ತದೆ. ಅದನ್ನು ಓದಿ, ಪೆಟ್ಟಿಗೆ ಎಷ್ಟು, ತೂಕ ಎಷ್ಟು, ಇನ್‌ವಾಯ್ಸ್ ನಂಬರ್ ಏನು ಅಂತ ನೋಡಿ ಸರಿ ಅಂತ ಉತ್ತರ ಕಳಿಸಿ. ಐದು ನಿಮಿಷದ ಕೆಲಸ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು ಅಕ್ಕ ಕೇಳಿದರು. ಅವರದು ಹಪ್ಪಳ, ಸಂಡಿಗೆಯ ಕೆಲಸ. "ನನ್ನದು ನಲವತ್ತು ಬಾಕ್ಸ್ ಅಷ್ಟೇ. ಕಂಟೇನರ್ ತುಂಬುವುದೇ ಇಲ್ಲ. ನನಗೂ ಈ ಮೂರು ಜನ ಬೇಕಾ?" ಅಂತ.

ಬೇಕು ಅಕ್ಕ, ಆದರೆ ನಿಮಗೆ ಕಾಣುವುದು ಒಬ್ಬರೇ. ನಿಮ್ಮ ನಲವತ್ತು ಬಾಕ್ಸನ್ನು ಬೇರೆ ಹತ್ತು ಜನರ ಮಾಲಿನ ಜೊತೆ ಒಂದೇ ಕಂಟೇನರಿಗೆ ತುಂಬಿಸುತ್ತಾರೆ. ಎಲ್‌ಸಿಎಲ್ ಅನ್ನುತ್ತಾರೆ. ದರ ಘನ ಮೀಟರಿಗೋ ಟನ್ನಿಗೋ, ಯಾವುದು ಜಾಸ್ತಿಯೋ ಅದಕ್ಕೆ. ಹಪ್ಪಳ ಹಗುರ, ಹಾಗಾಗಿ ನಿಮಗೆ ಅಳತೆಯ ಲೆಕ್ಕವೇ ಬೀಳುತ್ತದೆ. ಬಾಕ್ಸಿನೊಳಗೆ ಖಾಲಿ ಜಾಗ ಬಿಟ್ಟರೆ ಆ ಗಾಳಿಗೂ ಬಾಡಿಗೆ. ಮಾಸ್ಟರ್ ಬಿಎಲ್ ಪೂರ್ತಿ ಕಂಟೇನರಿಗೆ ಒಂದೇ ಆಗುವುದರಿಂದ ಅದು ನಿಮ್ಮ ಹೆಸರಿಗೆ ಬರಲು ಸಾಧ್ಯವೇ ಇಲ್ಲ. ನಿಮಗೆ ಸಿಗುವುದು ಹೌಸ್ ಬಿಎಲ್ ಮಾತ್ರ. ಜೊತೆಗಿರುವ ಹತ್ತು ಜನರಲ್ಲಿ ಒಬ್ಬರ ಮಾಲು ಕಸ್ಟಮ್ಸಿನಲ್ಲಿ ಸಿಕ್ಕಿಬಿದ್ದರೆ ನಿಮ್ಮ ಹಪ್ಪಳವೂ ಕಾಯಬೇಕಾಗಬಹುದು. ಹಾಗಾಗಿ ದರ ಕೇಳುವ ಮುಂಚೆ, ಅದೇ ಫಾರ್ವರ್ಡರ್ ಮೂಲಕ ಅದೇ ಊರಿಗೆ ಕಳಿಸಿದ ಇಬ್ಬರು ಯಾರಾದರೂ ಇದ್ದಾರಾ ಅಂತ ವಿಚಾರಿಸಿ, ಅವರಿಗೆ ಫೋನ್ ಮಾಡಿ. ಮಾಲು ಎಷ್ಟು ದಿನಕ್ಕೆ ಸಿಕ್ಕಿತು ಅಂತ ಮಾತ್ರ ಕೇಳಬೇಡಿ. ಆಚೆ ಕಡೆ ಖರೀದಿದಾರರು ಮಾಲು ಬಿಡಿಸಿಕೊಳ್ಳುವಾಗ ಎಷ್ಟು ಕಟ್ಟಬೇಕಾಯಿತು ಅಂತಲೂ ಕೇಳಿ. ಇಲ್ಲಿ ಬಿಟ್ಟುಕೊಟ್ಟ ದುಡ್ಡನ್ನು ಅಲ್ಲಿ ಹಿಡಿದುಕೊಳ್ಳುವುದು ಎಲ್‌ಸಿಎಲ್‌ನಲ್ಲಿ ಮಾಮೂಲು.